ಲೀಡ್ಸ್‌ನಲ್ಲಿ ಅಕ್ಕನ ಬಿಸಿಲು: ಆರು ಸಾಲಿನ ಅನುವಾದದ ಒಂದು ಪ್ರಕರಣ

ನನ್ನ ತಂಗಿಯ ಮಗಳು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನರ್ಸ್ ಆಗಿದ್ದಾಳೆ. ಹುಟ್ಟಿದ್ದು, ಬೆಳೆದದ್ದು ಬಾಗಲಕೋಟೆ. ಅವಳ ವಾರ್ಡಿನ ಏಳೆಂಟು ಮಂದಿ ತಿಂಗಳಿಗೊಮ್ಮೆ ಯಾರದಾದರೂ ಮನೆಯಲ್ಲಿ ಸೇರಿ, ಒಬ್ಬೊಬ್ಬರು ತಮ್ಮ ಊರಿನ ಭಾಷೆಯ ಒಂದು ಪದ್ಯ ಓದುತ್ತಾರೆ. ಮೊದಲು ಮೂಲ, ಆಮೇಲೆ ಇಂಗ್ಲಿಷ್. ಇವಳ ಸರದಿ ಬಂದಾಗ ಅಕ್ಕಮಹಾದೇವಿಯ ಒಂದು ವಚನ ಆರಿಸಿಕೊಂಡಳು. ತಾನೇ ಇಂಗ್ಲಿಷಿಗೆ ತಂದಳು, ಓದಿದಳು. ಎಲ್ಲರೂ ಚಪ್ಪಾಳೆ ಹೊಡೆದರಂತೆ. ಆಮೇಲೆ ಒಬ್ಬಾಕೆ ಕೇಳಿದಳಂತೆ, "ಕೊನೆಗೆ ಎಲ್ಲ ಸರಿಹೋಯಿತು ಅಲ್ವಾ? ಬಿಸಿಲು ಬಂತಲ್ಲ!"

ಅವತ್ತು ರಾತ್ರಿ ನನಗೆ ಫೋನ್ ಬಂತು. "ಮಾಮಾ, ವಿರಹದ ಪದ್ಯ ಓದೀನಿ, ಅವರಿಗೆ ಹಬ್ಬದ ಪದ್ಯ ಕೇಳ್ಸೇತಿ. ಎಲ್ಲಿ ತಪ್ಪೇತಿ ನೋಡು."

ನಾನು ವಿಜಯಪುರದಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿ ನಿವೃತ್ತನಾದವನು. ಆರು ಸಾಲು, ಒಂದು ಸಂಜೆಯ ಕೆಲಸ ಅಂದುಕೊಂಡೆ. ಮೂರು ವಾರ ಹಿಡಿಯಿತು.

ಅವಳು ಮೊದಲು ಓದಿದ ಇಂಗ್ಲಿಷ್ ಹೀಗಿತ್ತು. ಕನ್ನಡ ಲಿಪಿಯಲ್ಲೇ ಬರೆಯುತ್ತೇನೆ, ಬಾಯಿಬಿಟ್ಟು ಓದಿಕೊಳ್ಳಿ.

ಓ ಮದರ್, ಮೈ ಆಂಕ್ಷಸ್ ಮೈಂಡ್ ಹ್ಯಾಸ್ ಟರ್ನ್ಡ್ ಅಪ್‌ಸೈಡ್ ಡೌನ್.
ದ ಜೆಂಟಲ್ ಸ್ವರ್ಲಿಂಗ್ ಬ್ರೀಜ್ ಹ್ಯಾಸ್ ಬಿಕಮ್ ಫ್ಲೇಮ್, ಓ ಮದರ್.
ಮೂನ್‌ಲೈಟ್ ಹ್ಯಾಸ್ ಬಿಕಮ್ ಸನ್‌ಶೈನ್, ಓ ಫ್ರೆಂಡ್.
ಲೈಕ್ ಎ ಟ್ಯಾಕ್ಸ್ ಆಫೀಸರ್ ಇನ್ ದ ಫೀಲ್ಡ್ ಐ ಆ್ಯಮ್ ಸಫರಿಂಗ್, ಓ ಮದರ್.
ಗಿವ್ ಹಿಮ್ ಅಡ್ವೈಸ್ ಅಂಡ್ ಬ್ರಿಂಗ್ ಹಿಮ್, ಓ ಮದರ್.
ಲಾರ್ಡ್ ಚೆನ್ನಮಲ್ಲಿಕಾರ್ಜುನ ಈಸ್ ಆ್ಯಂಗ್ರಿ ಅಬೌಟ್ ಡ್ಯುಯಾಲಿಟಿ, ಓ ಮದರ್.

ವ್ಯಾಕರಣದಲ್ಲಿ ತಪ್ಪಿಲ್ಲ. ನಿಘಂಟು ತೆಗೆದು ನೋಡಿದರೆ ಹೆಚ್ಚಿನ ಶಬ್ದಗಳೂ ಸರಿ. ಆದರೆ ನಾಲ್ಕನೇ ಸಾಲು ನೋಡಿ ನನಗೆ ಅನುಮಾನ ಬಂತು. ತೆರಿಗೆ ಅಧಿಕಾರಿ ಹೊಲದಲ್ಲಿ ಏನು ಮಾಡುತ್ತಿದ್ದಾನೆ?

ಮೂಲ ಎಲ್ಲಿಂದ ತಗೊಂಡೆ ಅಂತ ಕೇಳಿದೆ. ಫೋನಿಗೆ ಯಾರೋ ಕಳಿಸಿದ ಚಿತ್ರವಂತೆ, ಹಿಂದೆ ಚಂದ್ರ, ಮೇಲೆ ಅಕ್ಷರ. ಅದರಲ್ಲಿ "ಹೊಲದ ಸುಂಕಿಗನಂತೆ" ಎಂದಿತ್ತು. ಅಚ್ಚಾದ ವಚನ ಸಂಪುಟ ತೆಗೆದು ನೋಡಿದೆ. ಅಲ್ಲಿ ಹೀಗಿದೆ:

ಕಳವಳದ ಮನ ತಲೆಕೆಳಗಾದುದವ್ವಾ.
ಸುಳಿದು ಬೀಸುವ ಗಾಳಿ ಉರಿಯಾದುದವ್ವಾ.
ಬೆಳುದಿಂಗಳು ಬಿಸಿಲಾಯಿತ್ತು ಕೆಳದಿ.
ಹೊಳಲ ಸುಂಕಿಗನಂತೆ ತೊಳಲುತ್ತಿರ್ದೆನವ್ವಾ.
ತಿಳುಹಾ, ಬುದ್ಧಿಯ ಹೇಳಿ ಕರೆತಾರೆಲಗವ್ವಾ.
ಚೆನ್ನಮಲ್ಲಿಕಾರ್ಜುನಂಗೆ ಎರಡರ ಮುನಿಸವ್ವಾ.

ಹೊಲ ಅಲ್ಲ, ಹೊಳಲು. ಅಂದರೆ ಊರು, ಪಟ್ಟಣ. ಈಗ ಈ ಶಬ್ದ ಹೊಳಲ್ಕೆರೆಯಂಥ ಊರ ಹೆಸರಿನಲ್ಲಿ ಮಾತ್ರ ಉಳಿದಿದೆ. ಆ ಚಿತ್ರ ಮಾಡಿದವರಿಗೆ ಹೊಳಲು ಗೊತ್ತಿರಲಿಲ್ಲ, ಗೊತ್ತಿದ್ದ ಹೊಲ ಹಾಕಿದರು.

ಪುಸ್ತಕ ಇಲ್ಲದಿದ್ದರೂ ಈ ತಪ್ಪು ಹಿಡಿಯಬಹುದಿತ್ತು. ಪ್ರತಿ ಸಾಲಿನ ಎರಡನೇ ಅಕ್ಷರ ನೋಡಿ. ಕಳವಳ, ಸುಳಿದು, ಬೆಳುದಿಂಗಳು, ಹೊಳಲ, ತಿಳುಹಾ. ಐದು ಸಾಲಿನಲ್ಲೂ ಎರಡನೆಯದು ಳಕಾರ. ಇದು ನಮ್ಮ ಹಳೆಯ ಕಾವ್ಯದ ಆದಿಪ್ರಾಸ. ವಚನಕ್ಕೆ ಛಂದಸ್ಸಿನ ಕಟ್ಟು ಇಲ್ಲ ಅನ್ನುತ್ತಾರೆ, ಆದರೆ ಅಕ್ಕ ಇಲ್ಲಿ ಅದನ್ನು ಹಿಡಿದುಕೊಂಡೇ ಬಂದಿದ್ದಾಳೆ. "ಹೊಲದ" ಅಂತ ಓದಿದ ಕೂಡಲೇ ಳ ಹೋಗಿ ಲ ಬರುತ್ತದೆ, ಕಿವಿಗೆ ಎಡವುತ್ತದೆ. ಅನುವಾದಕ್ಕೆ ಕೂರುವ ಮೊದಲು ಮೂಲವನ್ನು ನಾಲ್ಕು ಸಲ ಗಟ್ಟಿಯಾಗಿ ಓದಬೇಕು ಅನ್ನುವುದು ಇದಕ್ಕೇ. ವಿಜಯಪುರದಲ್ಲಿ ಕೂತು ಇದನ್ನು ಬರೆಯುವಾಗ ಸ್ವಲ್ಪ ಸಂಕೋಚವೂ ಆಗುತ್ತದೆ. ಫ.ಗು. ಹಳಕಟ್ಟಿಯವರು ಇದೇ ಊರಿನಲ್ಲಿ ವಕೀಲಿ ಮಾಡುತ್ತಾ ಮನೆಮನೆ ತಿರುಗಿ ತಾಡೋಲೆ ಕೂಡಿಸಿದರು. 1923ರಲ್ಲಿ ವಚನಗಳ ಮೊದಲ ದೊಡ್ಡ ಸಂಗ್ರಹ ಅಚ್ಚು ಹಾಕಿಸಿದರು. ಅದೇ ವಚನವನ್ನು ನಾವು ಈಗ ಚಂದ್ರನ ಚಿತ್ರದ ಮೇಲಿಂದ ಓದುತ್ತಿದ್ದೇವೆ.

ಮೂಲ ಸರಿಯಾಯಿತು. ಇನ್ನು ಕೇಳಿದವರಿಗೆ ಏನು ಕೇಳಿಸಿತು ಅನ್ನುವುದು ಗೊತ್ತಾಗಬೇಕಿತ್ತು. ಸೊಸೆಗೆ ಒಂದು ಕೆಲಸ ಹೇಳಿದೆ. ಕನ್ನಡ ಗೊತ್ತಿಲ್ಲದ ಇಬ್ಬರಿಗೆ ಅವಳ ಇಂಗ್ಲಿಷ್ ಮತ್ತೊಮ್ಮೆ ಓದಬೇಕು, ಏನೂ ವಿವರಿಸಬಾರದು. ಆಮೇಲೆ ಮೂರೇ ಪ್ರಶ್ನೆ. ಈಕೆ ಯಾರ ಹತ್ತಿರ ಮಾತಾಡುತ್ತಿದ್ದಾಳೆ? ಅಲ್ಲಿ ಹವಾ ಹೇಗಿದೆ? ಕೊನೆಗೆ ಯಾರಿಗೆ ಯಾರ ಮೇಲೆ ಸಿಟ್ಟು?

ಉತ್ತರ ಬಂತು. ಹರೆಯದ ಹುಡುಗಿ ತಾಯಿಯ ಹತ್ತಿರ ದೂರು ಹೇಳುತ್ತಿದ್ದಾಳೆ. ಹವಾ ಚೆನ್ನಾಗಿದೆ, ಬಿಸಿಲು ಬಿದ್ದಿದೆ. ಕೊನೆಗೆ ಯಾವುದೋ ದೇವರಿಗೆ ಯಾವುದೋ ಸಿದ್ಧಾಂತದ ಮೇಲೆ ಸಿಟ್ಟು.

ಮೂರೂ ಉಲ್ಟಾ. ಮನ ತಲೆಕೆಳಗಾದುದು ಇಲ್ಲೇ ನೋಡಿ.

"ಅವ್ವಾ"ದಿಂದ ಶುರು ಮಾಡಿದೆವು. ನಮ್ಮ ಕಡೆ ಅವ್ವ ಅಂದರೆ ತಾಯಿ ಹೌದು. ಆದರೆ ತಾಯಿ ಮಗಳನ್ನೂ ಅವ್ವಾ ಅಂತಾಳೆ. ಬಾವಿಕಟ್ಟೆಯ ಗೆಳತಿಯೂ ಅವ್ವಾ, ಮೂರು ವರ್ಷದ ಕೂಸೂ ಅವ್ವಾ. ಕೆಳದಿ ಅಂದರೆ ಗೆಳತಿ. ಮೂರನೇ ಸಾಲಿನಲ್ಲಿ ಅದು ಸ್ಪಷ್ಟವಾಗಿ ಬಂದ ಮೇಲೆ ಈ ಅವ್ವ ತಾಯಿಯಲ್ಲ ಅನ್ನುವುದರಲ್ಲಿ ಅನುಮಾನ ಇಲ್ಲ. ಹಾಗಾದರೆ ಇಂಗ್ಲಿಷಿನಲ್ಲಿ ಏನು?

ಸೊಸೆಗೆ ಒಂದು ಹೊಳಹು ಸಿಕ್ಕಿತು. ಲೀಡ್ಸ್ ಕಡೆ ಬಸ್ ಡ್ರೈವರ್, ಅಂಗಡಿಯಾಕೆ, ಆಸ್ಪತ್ರೆಯ ಅಜ್ಜಿ, ಎಲ್ಲರೂ ಎಲ್ಲರನ್ನೂ "ಲವ್" ಅಂತ ಕರೆಯುತ್ತಾರೆ. "ಥ್ಯಾಂಕ್ಯೂ ಲವ್", "ಸಿಟ್ ಡೌನ್ ಲವ್". ಪ್ರೀತಿ ಪ್ರೇಮದ ಮಾತಲ್ಲ, ಸುಮ್ನೆ ಕರೆಯುವ ರೀತಿ. "ಮಾಮಾ, ಇದು ನಮ್ಮ ಅವ್ವಾನs ನೋಡು," ಅಂದಳು. ನಿಜ ಹೇಳಬೇಕೆಂದರೆ ಅವಳ ಕಿವಿಗೆ ನಾನು ತಲೆದೂಗಿದೆ. ಬಳಕೆಯಲ್ಲಿ ಅಷ್ಟು ಹತ್ತಿರದ ಶಬ್ದ ಇನ್ನೊಂದಿಲ್ಲ. ಆದರೆ ಇದು ಪ್ರೇಮದ ಪದ್ಯ. ಪ್ರೇಮದ ಪದ್ಯದೊಳಗೆ "ಲವ್" ಅಂತ ಕೂಗಿದರೆ ನಲ್ಲನನ್ನೇ ಕರೆದಂತೆ ಕೇಳಿಸುತ್ತದೆ, ಗೆಳತಿ ಮಾಯವಾಗುತ್ತಾಳೆ. "ಸಿಸ್ಟರ್" ಹಾಕಿದರೆ ಅವಳೇ ನಕ್ಕಳು. ಅಲ್ಲಿ ಸಿಸ್ಟರ್ ಅಂದರೆ ವಾರ್ಡಿನ ಮೇಲ್ವಿಚಾರಕಿ ನರ್ಸ್!

ಕೊನೆಗೆ ಶಬ್ದದ ಬದಲು ಕೆಲಸ ನೋಡಿದೆವು. ಅವ್ವಾ ಇಲ್ಲಿ ಮಾಡುವ ಕೆಲಸ ಏನು? ಎದುರಿಗೆ ಒಬ್ಬಾಕೆ ಕೂತಿದ್ದಾಳೆ ಅಂತ ತೋರಿಸುವುದು. ಮಾತು ಮುಗಿಯುವಾಗ ಅವಳ ಕೈ ಹಿಡಿದು ಅಲುಗಾಡಿಸಿದಂತೆ. "ಐ ಟೆಲ್ ಯೂ" ಆ ಕೆಲಸ ಮಾಡುತ್ತದೆ, ಅದರೊಳಗೆ ಕೇಳುವವಳು ಇದ್ದಾಳೆ. ಸಾಲಿನ ಕೊನೆಗೇ ಬರುತ್ತದೆ, ಅವ್ವಾ ಬರುವ ಜಾಗದಲ್ಲೇ. ಕೆಳದಿ ಬರುವಲ್ಲಿ ಒಂದೇ ಸಲ "ಫ್ರೆಂಡ್". "ಓ" ಅನ್ನುವುದನ್ನು ಎಲ್ಲ ಕಡೆ ಕಿತ್ತೆವು. ಇವತ್ತಿನ ಇಂಗ್ಲಿಷಿನಲ್ಲಿ ಯಾರೂ "ಓ ಫ್ರೆಂಡ್" ಅನ್ನುವುದಿಲ್ಲ, ನಾಟಕದಲ್ಲಿ ಬಿಟ್ಟರೆ.

ಮೊದಲ ಸಾಲಿನಲ್ಲಿ ಜಾಸ್ತಿ ತಕರಾರು ಬರಲಿಲ್ಲ. "ಮೈಂಡ್" ಲೆಕ್ಕ ಮಾಡುವ ಜಾಗ, ನೋಯುವ ಜಾಗ ಅಲ್ಲಿ "ಹಾರ್ಟ್". ಆದರೆ ಈ ಸಾಲು ಪದ್ಯದ ಕೀಲಿ ಅನ್ನುವುದನ್ನು ಮರೆಯುವಂತಿಲ್ಲ. ಮನ ತಲೆಕೆಳಗಾಯಿತು. ಆಮೇಲೆ ತಂಪು ಗಾಳಿ ಉರಿಯಾಯಿತು, ತಂಪು ಬೆಳಕು ಬಿಸಿಲಾಯಿತು. ಮೊದಲು ಒಳಗೆ ಉಲ್ಟಾ, ಆಮೇಲೆ ಹೊರಗೆ ಉಲ್ಟಾ. ಮೂರು ಸಾಲಿನಲ್ಲೂ "ಆಗು" ಕ್ರಿಯಾಪದ ಇದೆ. "ಹಾಗೆ", "ಅಂತೆ" ಇಲ್ಲ. ಬೆಳುದಿಂಗಳು ಬಿಸಿಲಿನಂತೆ ಸುಡುತ್ತಿದೆ ಅಂತ ಅವಳು ಹೇಳುತ್ತಿಲ್ಲ, ಬಿಸಿಲೇ ಆಯಿತು ಅನ್ನುತ್ತಿದ್ದಾಳೆ. ಅದನ್ನು ಬಿಡಬಾರದು ಅಂತ ಇಬ್ಬರೂ ಒಪ್ಪಿದೆವು.

ಒಂದು ವಾರ ಪೂರ್ತಿ ತಿಂದದ್ದು ಆ ಬಿಸಿಲು.

ಬೆಳದಿಂಗಳು ಸುಡುವುದು ಅಕ್ಕನ ಹೊಸ ಕಲ್ಪನೆಯಲ್ಲ. ವಿರಹದ ಪದ್ಯಗಳಲ್ಲಿ ಅದು ಬಹಳ ಹಳೆಯದು. ಕಾಳಿದಾಸನ ದುಷ್ಯಂತನೂ ಚಂದ್ರ ತನ್ನ ತಣ್ಣನೆ ಕಿರಣದಿಂದ ಬೆಂಕಿ ಕಾರುತ್ತಾನೆ ಅಂತ ಗೊಣಗುತ್ತಾನೆ. ಕನ್ನಡ ಓದುಗರಿಗೆ ಇದು ಕೂಡಲೇ ಹೊಳೆಯುತ್ತದೆ. ಯಾಕೆಂದರೆ ನಮಗೆ ಬಿಸಿಲು ಅಂದರೆ ಶತ್ರು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಬಿಸಿಲು ಬಡಿಯುತ್ತದೆ, ಬಿಸಿಲು ಹತ್ತುತ್ತದೆ, ಬಿಸಿಲಿಗೆ ನೆತ್ತಿ ಸುಡುತ್ತದೆ. ಸಂಜೆ ಆದ ಮೇಲೆ ಮಾಳಿಗೆ ಮೇಲೆ ನೀರು ಹೊಡೆದು, ಹಾಸಿಗೆ ಹಾಸಿ, ಬೆಳದಿಂಗಳಲ್ಲಿ ಮಲಗುವವರು ನಾವು. ಆ ಒಂದು ತಂಪೂ ಕೈಕೊಟ್ಟರೆ ಇನ್ನೆಲ್ಲಿಗೆ ಹೋಗುವುದು? ಆ ಸಾಲಿನ ಸಂಕಟ ಅದು.

ಲೀಡ್ಸ್‌ನಲ್ಲಿ ಬಿಸಿಲು ಬಿದ್ದರೆ ಜನ ಕೆಲಸ ಬೇಗ ಮುಗಿಸಿ ಉದ್ಯಾನಕ್ಕೆ ಓಡುತ್ತಾರಂತೆ. "ಸನ್‌ಶೈನ್" ಅಲ್ಲಿ ಸಂತೋಷದ ಶಬ್ದ. ಮುದ್ದು ಮಕ್ಕಳನ್ನೂ ಹಾಗೇ ಕರೆಯುತ್ತಾರೆ. "ಸನ್‌ಲೈಟ್" ಕೂಡ ಬರೀ ಬೆಳಕು, ಅದರಲ್ಲಿ ಶಾಖ ಇಲ್ಲ. ನಮ್ಮ ಶಬ್ದದ ಒಳಗೇ "ಬಿಸಿ" ಕೂತಿದೆ, ಅವರ ಶಬ್ದದಲ್ಲಿ "ಶೈನ್", "ಲೈಟ್" ಕೂತಿವೆ. ಶಾಖ ಮತ್ತು ಬೆಳಕು ಎರಡನ್ನೂ ಒಟ್ಟಿಗೆ, ಅದೂ ಸಿಟ್ಟಿನಿಂದ ಹೇಳುವ ಒಂದು ಸಣ್ಣ ಶಬ್ದ ಇಂಗ್ಲಿಷಿನಲ್ಲಿ ನಮಗೆ ಸಿಗಲಿಲ್ಲ.

"ಬ್ಲೇಜಿಂಗ್ ಸನ್" ನೋಡಿದೆವು. ಜಾಹೀರಾತಿನ ಹಾಗಿದೆ, ಮೇಲೆ ಬರೀ ಗುಣವಿಶೇಷಣದ ಕೂಗಾಟ. ಅಕ್ಕ ಕೂಗುತ್ತಿಲ್ಲ. "ಹೀಟ್‌ವೇವ್" ಹವಾಮಾನ ವರದಿ. "ಗ್ಲೇರ್" ಕಣ್ಣಿಗೆ ಚುಚ್ಚುತ್ತದೆ, ಮೈ ಸುಡುವುದಿಲ್ಲ. ಆಮೇಲೆ ನನಗೆ "ನೂನ್" ಹೊಳೆಯಿತು, ಮಧ್ಯಾಹ್ನ. ನೆತ್ತಿ ಮೇಲೆ ಸೂರ್ಯ, ಕಾಲ ಕೆಳಗೆ ನೆರಳು. ಹಾಗೇ ಹುರುಪಿನಲ್ಲಿ "ಎ ನೂನ್ ಇನ್ ಮೇ" ಅಂತ ಬರೆದು ಕಳಿಸಿದೆ, ನನ್ನ ಮೇ ತಿಂಗಳು ನೆನೆದು. ಸೊಸೆ ಅಲ್ಲಿಂದ ಕೇಳಿದಳು, "ಮಾಮಾ, ಇಲ್ಲಿ ಮೇ ಅಂದ್ರ ಹೂವಿನ ತಿಂಗಳು. ಮತ್ತ ಹಬ್ಬಾನs ಮಾಡ್ತಿಯೇನು?" ಮೂವತ್ತು ವರ್ಷ ಪಾಠ ಮಾಡಿದವನಿಗೆ ಇದು ಗೊತ್ತಿರಬೇಕಿತ್ತು. ತಿಂಗಳ ಹೆಸರು ಕೂಡ ಅನುವಾದ ಆಗಬೇಕಾದ ಶಬ್ದ.

ಮೇ ತೆಗೆದು "ನೂನ್" ಒಂದನ್ನೇ ಇಟ್ಟೆವು. "ಮೂನ್‌ಲೈಟ್ ಹ್ಯಾಸ್ ಟರ್ನ್ಡ್ ಟು ನೂನ್." ಹೊತ್ತೇ ತಲೆಕೆಳಗಾಯಿತು. ನಡುರಾತ್ರಿ ನಡುಹಗಲಾಯಿತು. ಶಾಖ ಬಾಯಿಬಿಟ್ಟು ಹೇಳಿಲ್ಲ, ಆದರೆ ಹಿಂದಿನ ಸಾಲಿನಲ್ಲಿ ಗಾಳಿ ಬೆಂಕಿಯಾಗಿದೆ, ಆ ಬೆಂಕಿ ಈ ಸಾಲಿಗೂ ದಾಟುತ್ತದೆ. ಜೊತೆಗೆ ಒಂದು ಪುಕ್ಕಟೆ ಲಾಭ. ಕನ್ನಡದಲ್ಲಿ ಬೆಳುದಿಂಗಳು, ಬಿಸಿಲು ಎರಡೂ ಬಕಾರದಿಂದ ಶುರುವಾಗಿ ಕಿವಿಯಲ್ಲಿ ಒಂದನ್ನೊಂದು ತಟ್ಟುತ್ತವೆ. ಇಂಗ್ಲಿಷಿನಲ್ಲಿ ಮೂನ್, ನೂನ್. ಒಂದೇ ಅಕ್ಷರದ ಅಂತರದಲ್ಲಿ ರಾತ್ರಿ ಹಗಲಾಗುತ್ತದೆ. "ವಿತ್ ನೋ ಶೇಡ್" ಅಂತ ಬಾಲ ಸೇರಿಸೋಣ ಅಂತ ಒಂದು ದಿನ ಅನ್ನಿಸಿತ್ತು. ಮೂಲದಲ್ಲಿ ನೆರಳಿನ ಮಾತಿಲ್ಲ. ಸೇರಿಸಿದರೆ ಸಾಲು ಉದ್ದವಾಗಿ, ಅದರ ಪೆಟ್ಟು ಹೋಗುತ್ತದೆ. ಬಿಟ್ಟೆವು.

ಸುಂಕಿಗನ ವಿಷಯಕ್ಕೆ ನನ್ನವ್ವನ ಸಹಾಯ ಬೇಕಾಯಿತು.

ಗಾಳಿ, ಬೆಳದಿಂಗಳು, ಕೆಳದಿ, ಇವೆಲ್ಲ ವಿರಹದ ಪದ್ಯಕ್ಕೆ ಬರುವ ನೆಂಟರು. ಅವರ ನಡುವೆ ಒಬ್ಬ ಸುಂಕದವನು ಬಂದು ನಿಂತಿದ್ದಾನೆ! ಅರಮನೆಯ ಕವಿ ಈ ಜಾಗದಲ್ಲಿ ಚಕ್ರವಾಕ ಪಕ್ಷಿಯನ್ನು ತರುತ್ತಿದ್ದನೋ ಏನೋ. ಅಕ್ಕ ಪೇಟೆ ಬೀದಿಯಿಂದ ಒಬ್ಬನನ್ನು ಎಳೆದು ತಂದಿದ್ದಾಳೆ. ನನ್ನ ಲೆಕ್ಕದಲ್ಲಿ ಈ ವಚನದ ಜೀವ ಇದೇ ಸಾಲಿನಲ್ಲಿದೆ. ಅವಳ ಕಾಲಕ್ಕೆ ಇದು ದಿನಾ ಕಣ್ಣಿಗೆ ಬೀಳುವ ಕೆಲಸ. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ ಅಂತ ಸುಂಕಗಳ ಹೆಸರು ಮತ್ತೆ ಮತ್ತೆ ಬರುತ್ತವೆ. ಶರಣರಲ್ಲೇ ಸುಂಕದ ಬಂಕಣ್ಣ ಅಂತ ಒಬ್ಬ ವಚನಕಾರ ಇದ್ದ.

ಸೊಸೆ ಬರೆದದ್ದು "ಟ್ಯಾಕ್ಸ್ ಆಫೀಸರ್". ಕೇಳಿದವರಿಗೆ ಕಂಡದ್ದು ಟೈ ಕಟ್ಟಿ ಕಡತದ ಮುಂದೆ ಕೂತವನು. "ಟ್ಯಾಕ್ಸ್ ಕಲೆಕ್ಟರ್" ಅಂದರೆ ಬೈಬಲ್ ಓದಿದವರಿಗೆ ಪಾಪಿಗಳ ಸಾಲಿನಲ್ಲಿ ನಿಲ್ಲುವ ಸುಂಕದವರು ನೆನಪಾಗುತ್ತಾರೆ, ಬೇಡದ ಅರ್ಥ ಹತ್ತಿಕೊಳ್ಳುತ್ತದೆ. "ಟೋಲ್ ಕಲೆಕ್ಟರ್" ನಿಘಂಟಿನ ಪ್ರಕಾರ ಬಹಳ ಸರಿ. ಆದರೆ ಇವತ್ತಿನ ಟೋಲ್‌ನವನು ಡಬ್ಬಿಯೊಳಗೆ ಕೂತಿರುತ್ತಾನೆ, ಗಾಡಿಗಳು ಅವನ ಹತ್ತಿರ ಬರುತ್ತವೆ. ಅಕ್ಕನ ಸುಂಕಿಗ ಕೂತವನಲ್ಲ, ತೊಳಲುವವನು. ಶಬ್ದ ಸರಿ, ಚಿತ್ರ ಪೂರ್ತಿ ತಪ್ಪು.

ತಾಳಿಕೋಟೆ ಕಡೆಯ ನಮ್ಮ ಹಳ್ಳಿಗೆ ಹೋದಾಗ ಅವ್ವನಿಗೆ ಆ ಸಾಲು ಓದಿ, ಏನು ತಿಳೀತು ಅಂತ ಕೇಳಿದೆ. ಅವಳಿಗೆ ಎಂಬತ್ತು ದಾಟಿದೆ, ಶಾಲೆಗೆ ಹೋದವಳಲ್ಲ.

"ಸುಂಕದಂವ ಅಂದ್ರ ಜಕಾತಿಯಂವ ಅಲ್ಲೇನು ತಮ್ಮಾ? ಸಂತ್ಯಾಗ ಪಾವತಿ ಪುಸ್ತಕ ಹಿಡಕೊಂಡು ಅಡ್ಡಾಡ್ತಿದ್ದ. ಒಂದ ಕಡೆ ಕುಂದ್ರಂಗಿಲ್ಲ ಅಂವ. ಕುಂತ್ರ ಮಂದಿ ಗಂಟು ಕಟ್ಟಿ ಹೋಗಿಬಿಡ್ತಾರ. ಅವನ್ನ ನೋಡಿದ ಕೂಡ್ಲೇ ಎಲ್ಲಾರೂ ಮಾರಿ ತಿರುವೋರು."

ನನಗೆ ಬೇಕಾದ್ದೆಲ್ಲ ಇದರಲ್ಲಿ ಬಂತು. ಅವನು ತಿರುಗುತ್ತಲೇ ಇರಬೇಕು. ಹುಡುಕುತ್ತಲೇ ಇರಬೇಕು. ಬೇಕಾದವರು ತಪ್ಪಿಸಿಕೊಂಡು ಹೋಗುತ್ತಾರೆ. ಯಾರ ಮನೆಯಲ್ಲೂ ಅವನಿಗೆ ಬಾ ಅನ್ನುವವರಿಲ್ಲ. ನಲ್ಲನನ್ನು ಹುಡುಕಿ ಅಲೆಯುವವಳ ಪಾಡೂ ಅದೇ. ಇನ್ನು "ತೊಳಲು" ಅನ್ನುವುದರಲ್ಲಿ ಅಲೆದಾಟ, ಸಂಕಟ ಎರಡೂ ಇವೆ. ಸೊಸೆ ಸಂಕಟ ಮಾತ್ರ ಹಿಡಿದು "ಸಫರಿಂಗ್" ಅಂದಿದ್ದಳು, ಕಾಲು ಬಿಟ್ಟುಹೋಗಿತ್ತು. ಈ ಸಾಲಿಗೆ ಕಾಲೇ ಮುಖ್ಯ. "ಐ ಗೋ ರೌಂಡ್ ಅಂಡ್ ರೌಂಡ್" ಅಂದರೆ ಕಾಲೂ ಬಂತು, ತಲೆ ಸುತ್ತುವುದೂ ಬಂತು. ಸುಂಕಿಗನಿಗೆ ಹುದ್ದೆಯ ಹೆಸರು ಕೊಡದೆ ಅವನು ಮಾಡುವ ಕೆಲಸ ಹೇಳಿದೆವು: "ದ ಮ್ಯಾನ್ ಹೂ ಕಮ್ಸ್ ಫಾರ್ ದ ಮಾರ್ಕೆಟ್ ಡ್ಯೂಸ್." ಹೊಳಲು ಹೋಗಿ ಸಂತೆ ಬಂತು, ಒಪ್ಪುತ್ತೇನೆ. ಸುಂಕ ಇರುವುದು ಮಾರುವ ಕೊಳ್ಳುವ ಜಾಗದಲ್ಲೇ ಅನ್ನುವ ಧೈರ್ಯದ ಮೇಲೆ ಮಾಡಿದ ಬದಲಾವಣೆ ಇದು.

ಲೀಡ್ಸ್‌ನ ಒಬ್ಬ ಹಿರಿಯಾಕೆ ಇದನ್ನು ಕೇಳಿ, "ಓ, ನಮ್ಮ ರೆಂಟ್ ಮ್ಯಾನ್!" ಅಂದಳಂತೆ. ಅವಳ ಬಾಲ್ಯದಲ್ಲಿ ಬಾಡಿಗೆ ವಸೂಲಿಗೆ ಬರುವವನನ್ನು ಕಂಡು ಅವಳ ತಾಯಿ ಪರದೆ ಹಿಂದೆ ಅಡಗುತ್ತಿದ್ದಳಂತೆ. ಸೊಸೆಗೆ ಅದನ್ನೇ ಹಾಕುವ ಆಸೆ ಆಯಿತು. ನಾನು ಬೇಡ ಅಂದೆ. ಬಾಡಿಗೆಯವನಿಗೆ ಯಾವ ಬಾಗಿಲು ಬಡಿಯಬೇಕು ಅಂತ ಗೊತ್ತು. ಸುಂಕಿಗನಿಗೆ ಗೊತ್ತಿಲ್ಲ, ಅವನು ಊರೆಲ್ಲ ನೋಡಬೇಕು. ಆದರೆ ಆ ಹಿರಿಯಾಕೆಗೆ ತಾನಾಗಿ ರೆಂಟ್ ಮ್ಯಾನ್ ನೆನಪಾದನಲ್ಲ, ಸಾಲು ತಟ್ಟಿದೆ ಅಂತ ಗೊತ್ತಾಗಲು ಅಷ್ಟು ಸಾಕಾಯಿತು.

ಐದನೇ ಸಾಲು ಬೇಗ ಬಂತು. "ಬುದ್ಧಿ ಹೇಳು" ಅಂದರೆ ಸಲಹೆ ಕೊಡು ಅಂತ ಅಲ್ಲ. ಗಂಡ ಹೆಂಡತಿ ಜಗಳ ಆದಾಗ ಯಾರನ್ನಾದರೂ ಕಳಿಸಿ, "ನಾಕು ಬುದ್ಧಿಮಾತು ಹೇಳಿ ಕರಕೊಂಡು ಬಾ" ಅನ್ನುತ್ತೇವಲ್ಲ, ಅದು. "ಅಡ್ವೈಸ್" ವಕೀಲರು ಕೊಡುವಂಥದ್ದು. "ಗೋ, ಟಾಕ್ ಟು ಹಿಮ್" ಸಾಕು. ಈ ಸಾಲಿನಲ್ಲಿ ಕೇಳುವವಳಿಗೇ ಅಪ್ಪಣೆ ಇದೆ, ಹಾಗಾಗಿ "ಐ ಟೆಲ್ ಯೂ" ಬೇಡವಾಯಿತು.

ಕೊನೆಯ ಸಾಲು ಎರಡು ದಾರಿಯಲ್ಲಿ ಎಳೆಯುತ್ತದೆ. ಎರಡರ ಮುನಿಸು. ನಾವಿಬ್ಬರೂ ಬೇರೆ ಬೇರೆಯಾಗಿ ಉಳಿದಿದ್ದೇವೆ ಅನ್ನುವುದೇ ಅವನ ಮುನಿಸಿಗೆ ಕಾರಣ. ದ್ವೈತ, ಅದ್ವೈತ ಅಂತ ಪಂಡಿತರು ಇದರ ಮೇಲೆ ಎಷ್ಟಾದರೂ ಹೇಳಬಹುದು, ಹೇಳಿದ್ದು ಸುಳ್ಳೂ ಅಲ್ಲ. ಆದರೆ ಅಕ್ಕ "ದ್ವೈತ" ಅಂದಿಲ್ಲ, "ಎರಡು" ಅಂದಿದ್ದಾಳೆ. ಕೂಸಿಗೂ ಗೊತ್ತಿರುವ ಶಬ್ದ. "ಡ್ಯುಯಾಲಿಟಿ" ಹಾಕಿದ ಕೂಡಲೇ ಗೆಳತಿ ಎದ್ದು ಹೋಗಿ ಮೇಷ್ಟರು ಬಂದು ಕೂರುತ್ತಾರೆ.

ಮುನಿಸು ಅಂದರೆ ಸಿಟ್ಟೂ ಅಲ್ಲ. ಪ್ರೀತಿ ಇದ್ದವರ ಮೇಲೆ ಮಾತ್ರ ಬರುವಂಥದ್ದು. "ಆ್ಯಂಗರ್" ದೊಡ್ಡದಾಯಿತು, ದೇವರ ಕೋಪದ ಹಾಗೆ. "ಸಲ್ಕಿಂಗ್" ಚಾಕಲೇಟ್ ಸಿಗದ ಮಗುವಿನ ಮುಖ. ಇಲ್ಲೂ ಮನೆಯ ಅನುಭವವೇ ಕೈಹಿಡಿಯಿತು. ನಮ್ಮಲ್ಲಿ ಮುನಿಸು ಗೊತ್ತಾಗುವುದು ಹೇಗೆ? ಮಾತು ಬಿಡುತ್ತಾರೆ. ಕೂಗುವುದಿಲ್ಲ, ಎಸೆಯುವುದಿಲ್ಲ, ಸುಮ್ನೆ ಮಾತು ಬಿಡುತ್ತಾರೆ. "ವೋಂಟ್ ಸ್ಪೀಕ್ ಟು ಮಿ." ಭಾವದ ಹೆಸರು ಬಿಟ್ಟು ಭಾವ ಮಾಡಿಸುವ ಕೆಲಸ ಹೇಳಿದರೆ ಯಾವ ಊರಿನವರಿಗೂ ತಿಳಿಯುತ್ತದೆ.

ಹೆಸರಿನ ಬಗ್ಗೆ ಸ್ವಲ್ಪ ಜಗ್ಗಾಟ ಆಯಿತು. ಮಲ್ಲಿಕಾ ಅಂದರೆ ಮಲ್ಲಿಗೆ, ಅರ್ಜುನ ಅಂದರೆ ಬಿಳುಪು. 1973ರಲ್ಲಿ ಬಂದ ತಮ್ಮ ವಚನಾನುವಾದದಲ್ಲಿ ಎ.ಕೆ. ರಾಮಾನುಜನ್ ಈ ಅಂಕಿತವನ್ನು ಮಲ್ಲಿಗೆಯಷ್ಟು ಬಿಳಿಯ ಒಡೆಯ ಅನ್ನುವ ಅರ್ಥ ಬರುವಂತೆ ಇಂಗ್ಲಿಷ್ ಮಾಡಿದರು, ಅದು ಬಹಳ ಹೆಸರಾಯಿತು. ಅಕ್ಕನ ನೂರಾರು ವಚನ ಒಟ್ಟಿಗೆ ಓದುವವರಿಗೆ ಆ ದಾರಿ ಚೆಂದ. ನಮ್ಮದು ಒಂದೇ ವಚನ, ಬಾಯಲ್ಲಿ ಓದುವಂಥದ್ದು. ಇನ್ನೊಂದು ಕಾರಣವೂ ಇದೆ. ನಮ್ಮ ಕಡೆ ಹಿರಿಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಮದುವೆಯಲ್ಲಿ ಬಹಳ ಒತ್ತಾಯ ಮಾಡಿದರೆ ಒಡಪಿನಲ್ಲಿ ಸುತ್ತಿ ಹೇಳುತ್ತಾರೆ. ಅಕ್ಕ ಪ್ರತಿ ವಚನದಲ್ಲೂ ತನ್ನ ಗಂಡನ ಹೆಸರನ್ನು ಬಾಯ್ತುಂಬ ಹೇಳುತ್ತಾಳೆ. ಆ ಎದೆಗಾರಿಕೆ ಹೆಸರಲ್ಲೇ ಇದೆ. ಏಳು ಅಕ್ಷರ ಇದ್ದರೇನು, ಓದುವವಳು ಬಾಗಲಕೋಟೆಯವಳು, ಅವಳ ನಾಲಿಗೆ ಎಡವುವುದಿಲ್ಲ. "ಲಾರ್ಡ್" ತೆಗೆದೆವು. ಮೂಲದ ಈ ಸಾಲಿನಲ್ಲಿ ಬರೀ ಹೆಸರೇ ಇದೆ.

ಮೂರನೇ ವಾರದ ಕೊನೆಗೆ ಹೀಗಾಯಿತು:

ಮೈ ವರೀಡ್ ಹಾರ್ಟ್ ಈಸ್ ಸ್ಟ್ಯಾಂಡಿಂಗ್ ಆನ್ ಇಟ್ಸ್ ಹೆಡ್, ಐ ಟೆಲ್ ಯೂ.
ದ ಲಿಟಲ್ ವಿಂಡ್ ದಟ್ ವಾಂಡರ್ಸ್ ಥ್ರೂ ಹ್ಯಾಸ್ ಟರ್ನ್ಡ್ ಟು ಫೈರ್, ಐ ಟೆಲ್ ಯೂ.
ಮೂನ್‌ಲೈಟ್ ಹ್ಯಾಸ್ ಟರ್ನ್ಡ್ ಟು ನೂನ್, ಫ್ರೆಂಡ್.
ಐ ಗೋ ರೌಂಡ್ ಅಂಡ್ ರೌಂಡ್, ಲೈಕ್ ದ ಮ್ಯಾನ್ ಹೂ ಕಮ್ಸ್ ಫಾರ್ ದ ಮಾರ್ಕೆಟ್ ಡ್ಯೂಸ್, ಐ ಟೆಲ್ ಯೂ.
ಗೋ, ಟಾಕ್ ಟು ಹಿಮ್. ಮೇಕ್ ಹಿಮ್ ಸೀ. ಬ್ರಿಂಗ್ ಹಿಮ್ ಹಿಯರ್.
ಚೆನ್ನಮಲ್ಲಿಕಾರ್ಜುನ ವೋಂಟ್ ಸ್ಪೀಕ್ ಟು ಮಿ. ವಿ ಆರ್ ಟೂ.

ಕಳೆದುಕೊಂಡದ್ದು ಏನು ಅಂತಲೂ ಹೇಳಬೇಕು. ಆ ಐದು ಳಕಾರ ಹೋದವು. ನಮ್ಮ ಳ ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲ. "ಲ" ಸೇರಿಸಿ ಸಾಲು ಕಟ್ಟಲು ಎರಡು ದಿನ ಒದ್ದಾಡಿದೆ, ಬಂದದ್ದೆಲ್ಲ ಶಿಶುಗೀತೆ. ಮೂಲದಲ್ಲಿ ಐದು ಸಾಲು ಳಕಾರದಲ್ಲಿ ಸುತ್ತಿ ಸುತ್ತಿ, ಆರನೆಯದರಲ್ಲಿ "ಚೆನ್ನ" ಅಂದ ಕೂಡಲೇ ಆ ಸುತ್ತು ನಿಲ್ಲುತ್ತದೆ. ಅಲೆದಾಟ ಅವನ ಹೆಸರಿನ ಹತ್ತಿರ ಬಂದು ನಿಂತ ಹಾಗೆ. ಇಂಗ್ಲಿಷಿನಲ್ಲಿ ಆ ನಿಲುಗಡೆಯನ್ನು ಬೇರೆ ರೀತಿ ಮಾಡಬೇಕಾಯಿತು. ಕೊನೆಯ ಎರಡು ಸಾಲಿನಲ್ಲಿ ವಾಕ್ಯಗಳನ್ನು ತುಂಡು ಮಾಡಿದೆವು. ಉಸಿರು ಅಲ್ಲಿ ನಿಲ್ಲುತ್ತದೆ, ಆದರೆ ಅದು ಳಕಾರದ ಬದಲಿ ಅಲ್ಲ.

ಮತ್ತೆ ಮೂರು ಪ್ರಶ್ನೆಯ ಪರೀಕ್ಷೆ. ಈ ಸಲ ಬೇರೆ ಇಬ್ಬರು. ಯಾರ ಹತ್ತಿರ ಮಾತು? ಗೆಳತಿಯ ಹತ್ತಿರ, ಬಹುಶಃ ರಾತ್ರಿ ಹೊತ್ತು. ಹವಾ? ಸೆಕೆ, ನಿದ್ದೆ ಬಾರದ ರಾತ್ರಿ. ಸಿಟ್ಟು? ಅವನು ಮುನಿಸಿಕೊಂಡಿದ್ದಾನೆ, ಯಾಕೆ ಅನ್ನುವುದು ಸರಿಯಾಗಿ ಕೇಳಿಸಲಿಲ್ಲ.

ಯಾಕೆ ಕೇಳಿಸಲಿಲ್ಲ ಅಂತ ವಿಚಾರಿಸಿದರೆ, ಒಬ್ಬಾಕೆಗೆ "ವಿ ಆರ್ ಟೂ" ಅನ್ನುವುದು "ನಾವೂ ಅಷ್ಟೇ" ಅಂತ ಕೇಳಿಸಿತ್ತು. ಎರಡು ಅನ್ನುವ ಟೂ, ಸಹ ಅನ್ನುವ ಟೂ, ಕಿವಿಗೆ ಒಂದೇ. ಕಾಗದದ ಮೇಲೆ ಮೂರು ವಾರ ನೋಡಿದ ನಮಗಿಬ್ಬರಿಗೂ ಇದು ಹೊಳೆದಿರಲಿಲ್ಲ. "ದೇರ್ ಆರ್ ಟೂ ಆಫ್ ಅಸ್" ಮಾಡೋಣ ಅಂದೆ. ಅದು ಜೋಡಿ ಹಕ್ಕಿಯ ಸುಖದ ಮಾತಾಗುತ್ತದೆ ಅಂತ ಸೊಸೆ ಬೇಡ ಅಂದಳು, ಅದೂ ನಿಜ.

ಮುಂದಿನ ಕೂಟದಲ್ಲಿ ಅವಳು ನನ್ನನ್ನು ಕೇಳದೆ "ವಿ ಆರ್ ಸ್ಟಿಲ್ ಟೂ" ಅಂತ ಓದಿಬಿಟ್ಟಳು. ಇನ್ನೂ ಇಬ್ಬರಾಗಿಯೇ ಇದ್ದೇವೆ. ಕೇಳಿದವರಿಗೆ ಈ ಸಲ ಅರ್ಥವಾಯಿತಂತೆ, ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲವಂತೆ. ಆದರೆ "ಇನ್ನೂ" ಅನ್ನುವುದು ಅಕ್ಕನ ಸಾಲಿನಲ್ಲಿ ಇಲ್ಲ, ನೆರಳನ್ನು ಯಾವ ಕಾರಣಕ್ಕೆ ಬಿಟ್ಟೆವೋ ಅದೇ ಕಾರಣಕ್ಕೆ ಇದನ್ನೂ ಬಿಡಬೇಕು ಅಂತ ನಾನು. "ಅದಿಲ್ಲದ ಆ ಸಾಲು ಕೇಳಂಗಿಲ್ಲ ಮಾಮಾ" ಅಂತ ಅವಳು. ಹೋದ ವಾರವೂ ಫೋನಿನಲ್ಲಿ ಇದೇ ಜಗಳ ಆಯಿತು.